ಆಫೀಸೇ ಇಲ್ಲದ ತಂಡದಲ್ಲಿ ಕಾಫಿ ಮಾತು: ಜೋಡಿ ಪಟ್ಟಿಯಿಂದ ಕೇಳುವ ಚಾನೆಲ್‌ವರೆಗೆ

ನಮ್ಮ ಸಾಫ್ಟ್‌ವೇರ್ ತೆಗೆಯುವ ಪಿಡಿಎಫ್ ಬಿಲ್ಲಿನಲ್ಲಿ "ಕೃಷ್ಣಪ್ಪ" ಎಂಬ ಹೆಸರು "ಕೃಷ್‌ಣಪ್‌ಪ" ಅಂತ ಅಚ್ಚಾಗುತ್ತಿತ್ತು. ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕದಲ್ಲಿ ಬಂದು ನಿಲ್ಲುತ್ತಿತ್ತು. ಅಂಗಡಿಯವರು ಫೋನ್ ಮಾಡಿ ಬೈಯುತ್ತಿದ್ದರು. ತಮ್ಮ ಹೆಸರೇ ಒಡೆದು ಹೋಗಿದ್ದರೆ ಯಾರಿಗೆ ಬೇಜಾರಾಗಲ್ಲ?

ನಮ್ಮ ಬಿಲ್ಲಿಂಗ್ ತಂಡದ ಇಬ್ಬರು ನಾಲ್ಕು ದಿನ ಕೂತು ಇದನ್ನು ಹುಡುಕಿದರು. ಫಾಂಟ್ ಬದಲಾಯಿಸಿದರು, ಸಾಫ್ಟ್‌ವೇರ್ ಆವೃತ್ತಿ ಬದಲಾಯಿಸಿದರು, ಏನೂ ಆಗಲಿಲ್ಲ. ಐದನೇ ದಿನ ಒಬ್ಬರ ಬೀಳ್ಕೊಡುಗೆ ಕಾಲ್ ಇತ್ತು. ಎಲ್ಲರೂ ಸುಮ್ನೆ ಮಾತಾಡುತ್ತಿದ್ದಾಗ ಈ ವಿಷಯ ಬಂತು. ರಿಪೋರ್ಟ್ ತಂಡದ ಶಿರಸಿಯ ಹುಡುಗ ಅಲ್ಲೇ ಹೇಳಿದ: "ಅಯ್ಯೋ, ಇದನ್ನ ನಾವು ಹೋದ ತಿಂಗಳೇ ಸರಿ ಮಾಡಿದ್ವಲ್ಲ! ಅಕ್ಷರ ಜೋಡಿಸೋ ಕೆಲಸ ಹಾರ್ಫ್‌ಬಝ್ ಲೈಬ್ರರಿಗೆ ಬಿಡಬೇಕು, ಅಷ್ಟೇ." ಫಾಂಟ್‌ನಲ್ಲಿ ತಪ್ಪೇ ಇರಲಿಲ್ಲ. ಬಿಲ್ ಮಾಡುವ ಕೋಡ್ ಕನ್ನಡವನ್ನು ಇಂಗ್ಲಿಷ್‌ನಂತೆ ಒಂದರ ಪಕ್ಕ ಒಂದು ಅಕ್ಷರ ಇಟ್ಟುಕೊಂಡು ಹೋಗುತ್ತಿತ್ತು. ಅರ್ಧ ದಿನದಲ್ಲಿ ಸರಿಯಾಯಿತು.

ಒಂದೇ ಆಫೀಸಿನಲ್ಲಿ ಕೂತಿದ್ದರೆ ಇದು ಮೊದಲ ದಿನವೇ ಟೀ ಕುಡಿಯುವಾಗ ಬಗೆಹರಿಯುತ್ತಿತ್ತು. ನಮಗೆ ಆಫೀಸೇ ಇಲ್ಲ. ನಾವು 18 ಜನ. ಹುಬ್ಬಳ್ಳಿ, ಶಿರಸಿ, ಮಂಗಳೂರು, ದಾವಣಗೆರೆ, ಬೆಂಗಳೂರು, ಚೆನ್ನೈ, ಜೊತೆಗೆ ಟೊರಾಂಟೊದಲ್ಲಿ ಒಬ್ಬರು. ಆ ನಾಲ್ಕು ದಿನ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆಮೇಲೆ ನಾವು ಎರಡು ಕೆಲಸ ಶುರು ಮಾಡಿದೆವು. ಒಂದು, ಬೇರೆ ಬೇರೆ ತಂಡದವರನ್ನು ಜೋಡಿ ಮಾಡಿ ಕಾಫಿ ಕರೆ. ಇನ್ನೊಂದು, ಎಲ್ಲ ತಂಡಕ್ಕೂ ಸೇರಿ ಒಂದು ಪ್ರಶ್ನೆ ಕೇಳುವ ಚಾನೆಲ್. ಎರಡರಲ್ಲಿ ಒಂದನ್ನೇ ಮಾಡಿದರೆ ಸಾಲದು. ಯಾರಿಗೆ ಏನು ಗೊತ್ತು ಅಂತ ಕಾಫಿಯಲ್ಲಿ ತಿಳಿಯುತ್ತದೆ, ಎಲ್ಲರ ಎದುರು ಕೇಳಲು ಧೈರ್ಯವೂ ಅಲ್ಲೇ ಬರುತ್ತದೆ. ಹಾಗೆ ಕೇಳಿದ್ದು, ಹೇಳಿದ್ದು ಹತ್ತು ಜನಕ್ಕೆ ಸಿಗುವುದು ಚಾನೆಲ್‌ನಲ್ಲಿ. ನಾವು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು, ಯಾರ ಮಧ್ಯೆ ಮಾತಿಲ್ಲ ಅಂತ ನೋಡಿ

ಮನೆಯಿಂದ ಕೆಲಸ ಮಾಡುವಾಗ ಮಾತು ಕಡಿಮೆಯಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಕಡಿಮೆಯಾಗುವುದು ತಂಡಗಳ ನಡುವಿನ ಮಾತು. ಮೈಕ್ರೋಸಾಫ್ಟ್ ತನ್ನ ಅಮೆರಿಕದ 61 ಸಾವಿರಕ್ಕೂ ಹೆಚ್ಚು ನೌಕರರ 2020ರ ಮೊದಲ ಆರು ತಿಂಗಳ ಸಂಪರ್ಕವನ್ನು ಅಳೆದು ನೋಡಿತ್ತು. ಆ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದಾಗ ಜನ ತಮ್ಮ ಗುಂಪಿನ ಒಳಗೇ ಜಾಸ್ತಿ ಸೇರಿಕೊಂಡರು, ಗುಂಪುಗಳ ನಡುವಿನ ಕೊಂಡಿಗಳು ಕಡಿಮೆಯಾದವು ಅಂತ ಅದರಲ್ಲಿ ಕಂಡುಬಂತು. ನಮ್ಮಲ್ಲೂ ಹಾಗೇ ಇತ್ತು. ಬಿಲ್ಲಿಂಗ್‌ನವರು ತಮ್ಮತಮ್ಮಲ್ಲಿ ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದರು. ರಿಪೋರ್ಟ್ ತಂಡದ ಜೊತೆ ತಿಂಗಳಿಗೆ ಒಂದು ಸಲವೂ ಇಲ್ಲ.

ಇದನ್ನು ಪತ್ತೆ ಮಾಡಲು ದೊಡ್ಡ ಸಾಧನ ಬೇಡ. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕಳಿಸಿ: "ಕಳೆದ ತಿಂಗಳು ಮೀಟಿಂಗ್ ಬಿಟ್ಟು, ನಿಮ್ಮ ತಂಡದ ಹೊರಗಿನ ಯಾರ ಜೊತೆ ಮಾತಾಡಿದಿರಿ?" ಬಂದ ಉತ್ತರವನ್ನು ಒಂದು ಚೌಕದಲ್ಲಿ ಬರೆಯಿರಿ. ಅಡ್ಡಕ್ಕೂ ತಂಡಗಳ ಹೆಸರು, ಉದ್ದಕ್ಕೂ ತಂಡಗಳ ಹೆಸರು. ಮಾತಾಡಿದ ಕಡೆ ಒಂದೊಂದು ಗೆರೆ ಎಳೆಯಿರಿ. ಖಾಲಿ ಉಳಿದ ಮನೆಗಳೇ ನಿಮ್ಮ ಕೆಲಸ. ನಮ್ಮ ಚೌಕದಲ್ಲಿ ಬಿಲ್ಲಿಂಗ್–ಸಪೋರ್ಟ್ ಮನೆ ತುಂಬಿತ್ತು. ಬಿಲ್ಲಿಂಗ್–ರಿಪೋರ್ಟ್ ಖಾಲಿ. ಲೆಕ್ಕಪತ್ರ ಮತ್ತು ನೇಮಕಾತಿ ನೋಡಿಕೊಳ್ಳುವ ಆಡಳಿತ ತಂಡದ ಮೂವರ ಜೊತೆ ಸಂಬಳದ ಪ್ರಶ್ನೆ ಬಿಟ್ಟು ಯಾರೂ ಏನೂ ಮಾತಾಡಿರಲಿಲ್ಲ. ಅದನ್ನು ನೋಡಿ ನನಗೆ ನಿಜಕ್ಕೂ ನೋವಾಯಿತು.

ಜೋಡಿ ಪಟ್ಟಿ ಮಾಡುವುದು

ಚೀಟಿ ಎತ್ತಿದ ಹಾಗೆ ಜೋಡಿ ಮಾಡಿದರೆ ಆಗಲ್ವಾ ಅಂತ ಕೇಳಬಹುದು. ನಾವೂ ಮೊದಲು ಹಾಗೇ ಯೋಚಿಸಿದ್ದೆವು. ಆದರೆ ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಬಿಲ್ಲಿಂಗ್ 7, ಸಪೋರ್ಟ್ 5, ರಿಪೋರ್ಟ್ 3, ಆಡಳಿತ 3. 18 ಜನರಲ್ಲಿ ಒಟ್ಟು 153 ಜೋಡಿ ಸಾಧ್ಯ. ಅದರಲ್ಲಿ 37 ಜೋಡಿ ಒಂದೇ ತಂಡದವು. ಅಂದರೆ ಚೀಟಿ ಎತ್ತಿದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಕಾಫಿ, ದಿನವೂ ಮಾತಾಡುವವರ ನಡುವೆಯೇ ಆಗಿಬಿಡುತ್ತದೆ.

ಇದಕ್ಕೊಂದು ಸುಲಭ ಉಪಾಯ ಇದೆ. ಎಲ್ಲರ ಹೆಸರನ್ನು ತಂಡದ ಪ್ರಕಾರ ಒಂದರ ಕೆಳಗೆ ಒಂದು ಬರೆಯಿರಿ. ಅರ್ಧಕ್ಕೆ ಕತ್ತರಿಸಿ, ಕೆಳಗಿನ ಅರ್ಧವನ್ನು ಬಲಗಡೆ ಇಡಿ. ಒಂದೇ ಸಾಲಿನಲ್ಲಿ ಇರುವವರು ಜೋಡಿ. ಯಾವ ತಂಡವೂ ಒಟ್ಟು ಜನರ ಅರ್ಧಕ್ಕಿಂತ ದೊಡ್ಡದಿಲ್ಲ ಅಂದರೆ, ಈ ಮೊದಲ ಸುತ್ತಿನಲ್ಲಿ ಒಂದೇ ತಂಡದವರು ಎದುರಾಗುವುದೇ ಇಲ್ಲ. ನಮ್ಮ ಮೊದಲ ಪಟ್ಟಿ ಹೀಗಿತ್ತು:

```
ಸಾಲು | ಎಡ          | ಬಲ
1    | ಬಿಲ್ಲಿಂಗ್ 1  | ಸಪೋರ್ಟ್ 3
2    | ಬಿಲ್ಲಿಂಗ್ 2  | ಸಪೋರ್ಟ್ 4
3    | ಬಿಲ್ಲಿಂಗ್ 3  | ಸಪೋರ್ಟ್ 5
4    | ಬಿಲ್ಲಿಂಗ್ 4  | ರಿಪೋರ್ಟ್ 1
5    | ಬಿಲ್ಲಿಂಗ್ 5  | ರಿಪೋರ್ಟ್ 2
6    | ಬಿಲ್ಲಿಂಗ್ 6  | ರಿಪೋರ್ಟ್ 3
7    | ಬಿಲ್ಲಿಂಗ್ 7  | ಆಡಳಿತ 1
8    | ಸಪೋರ್ಟ್ 1   | ಆಡಳಿತ 2
9    | ಸಪೋರ್ಟ್ 2   | ಆಡಳಿತ 3
```

ಮುಂದಿನ ಸುತ್ತಿಗೆ ಬಲಗಡೆಯ ಕೊನೆಯ ಹೆಸರನ್ನು ಎತ್ತಿ ಮೇಲಕ್ಕೆ ಹಾಕಿ. ಉಳಿದವರೆಲ್ಲ ಒಂದೊಂದು ಸಾಲು ಕೆಳಗೆ ಇಳಿಯುತ್ತಾರೆ. ಎಡಗಡೆ ಮುಟ್ಟಬೇಡಿ. ಎಲ್ಲರಿಗೂ ಹೊಸ ಜೊತೆ ಸಿಕ್ಕಿತು. ನಮ್ಮ ಪಟ್ಟಿ ಐದು ಸುತ್ತಿನವರೆಗೆ ತೊಂದರೆ ಇಲ್ಲದೆ ನಡೆಯುತ್ತದೆ. ಆರನೇ ಸುತ್ತಿನಲ್ಲಿ 8ನೇ ಸಾಲಿನಲ್ಲಿ ಸಪೋರ್ಟ್‌ನ ಇಬ್ಬರು ಎದುರಾಗುತ್ತಾರೆ. ಆಗ ಪಟ್ಟಿಯನ್ನೇ ಹೊಸದಾಗಿ ಬರೆಯಬೇಕು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಬೆಸ ಸಂಖ್ಯೆ ಬಂದರೆ, ಅಥವಾ ಯಾರಾದರೂ ರಜೆಯಲ್ಲಿದ್ದರೆ, ಉಳಿದವರನ್ನು ಬೇರೊಂದು ಜೋಡಿಗೆ ಸೇರಿಸಿ ಮೂವರು ಮಾಡಿ. ಮ್ಯಾನೇಜರ್ ಮತ್ತು ಅವರ ಕೈಕೆಳಗಿನವರು ಒಂದೇ ಸಾಲಿಗೆ ಬಂದರೆ ಪಕ್ಕದ ಸಾಲಿನವರ ಜೊತೆ ಅದಲುಬದಲು ಮಾಡಿ. ಬಾಸ್ ಎದುರು ಕೂತು ಕುಡಿಯುವ ಕಾಫಿ ಕೊನೆಗೆ ಮೀಟಿಂಗೇ ಆಗುತ್ತದೆ.

ನೀವು 40–50 ಜನ ಇದ್ದರೆ ಕೈಯಲ್ಲಿ ಪಟ್ಟಿ ಮಾಡುವುದು ಕಷ್ಟ. ಸ್ಲ್ಯಾಕ್‌ಗೆ ಡೋನಟ್ ಎಂಬ ಆ್ಯಪ್ ಇದೆ. ಒಂದು ಚಾನೆಲ್‌ನಲ್ಲಿ ಇರುವವರನ್ನು ನಿಗದಿತ ದಿನಕ್ಕೊಮ್ಮೆ ಅದೇ ಜೋಡಿ ಮಾಡಿ ಸಂದೇಶ ಕಳಿಸುತ್ತದೆ. 20 ಜನರವರೆಗೆ ನನ್ನ ಮತ ಕೈ ಪಟ್ಟಿಗೇ. ಯಾರಿಗೆ ಯಾರು ಅಂತ ಒಬ್ಬ ಮನುಷ್ಯ ಕೂತು ಯೋಚಿಸಿದ್ದಾರೆ ಅಂತ ಗೊತ್ತಾದರೆ ಜನ ಅದನ್ನು ಸುಲಭಕ್ಕೆ ತಪ್ಪಿಸುವುದಿಲ್ಲ.

ಯಾವಾಗ, ಎಷ್ಟು ಹೊತ್ತು, ಯಾರು ಕರೆಯಬೇಕು

ಎರಡು ವಾರಕ್ಕೆ ಒಂದು ಸುತ್ತು ಇಡಿ. ವಾರಕ್ಕೊಂದಾದರೆ ಮೂರನೇ ವಾರದಲ್ಲೇ ಅದು ಹೊರೆಯಾಗುತ್ತದೆ. ತಿಂಗಳಿಗೊಂದಾದರೆ, ಒಂದು ತಪ್ಪಿದರೂ ಎರಡು ತಿಂಗಳು ಮಾತೇ ಇಲ್ಲ. ಸಮಯ 25 ನಿಮಿಷ. ಅರ್ಧ ಗಂಟೆ ಇಟ್ಟರೆ ಮುಂದಿನ ಮೀಟಿಂಗ್‌ಗೆ ಓಡಬೇಕಾಗುತ್ತದೆ, ಕೊನೆಯ ಐದು ನಿಮಿಷ ಗಡಿಯಾರ ನೋಡುವುದರಲ್ಲೇ ಹೋಗುತ್ತದೆ. ಕೆಲಸದ ಸಮಯದಲ್ಲೇ ಆಗಲಿ. ಊಟದ ಹೊತ್ತು ಬೇಡ, ಸಂಜೆ ಆರರ ಮೇಲೂ ಬೇಡ. ಮನೆಯಲ್ಲಿ ಆಗ ಮಕ್ಕಳ ಓದು, ಅಡುಗೆ, ದೀಪ ಹಚ್ಚುವ ಹೊತ್ತು.

ನಮ್ಮ ಮೊದಲ ಸುತ್ತು ಮುಗ್ಗರಿಸಿದ್ದು ಒಂದೇ ಕಾರಣಕ್ಕೆ. ಯಾರು ಮೊದಲು ಕರೆಯಬೇಕು ಅಂತ ಹೇಳಿರಲಿಲ್ಲ. ಕಿರಿಯರು ಹಿರಿಯರಿಗೆ ತೊಂದರೆ ಕೊಡುವುದು ಹೇಗೆ ಅಂತ ಸುಮ್ಮನಿದ್ದರು. ಹಿರಿಯರು, ಅವರಿಗೆ ಬಿಡುವಾದಾಗ ಕರೆಯುತ್ತಾರೆ ಅಂತ ಸುಮ್ಮನಿದ್ದರು. ಒಂಬತ್ತು ಜೋಡಿಯಲ್ಲಿ ನಾಲ್ಕು ಜೋಡಿ ಮಾತಾಡಲೇ ಇಲ್ಲ. ಎರಡನೇ ಸುತ್ತಿನಿಂದ ಒಂದು ನಿಯಮ ಮಾಡಿದೆವು: ಎಡಗಡೆ ಇರುವವರು ಸೋಮವಾರ ಸಂಜೆಯೊಳಗೆ ಕ್ಯಾಲೆಂಡರ್‌ನಲ್ಲಿ ಆಹ್ವಾನ ಕಳಿಸಬೇಕು. ಬಲಗಡೆಯವರಿಗೆ ಸಮಯ ಆಗದಿದ್ದರೆ "ಆಗಲ್ಲ" ಅನ್ನುವ ಬದಲು ಬೇರೆ ಸಮಯ ಸೂಚಿಸಬೇಕು. ಈ ಒಂದು ಸಾಲು ಬರೆದಿದ್ದಕ್ಕೇ ಆ ಸುತ್ತಿನಲ್ಲಿ ಒಂಬತ್ತಕ್ಕೆ ಎಂಟು ಜೋಡಿ ಮಾತಾಡಿದವು.

ಬೇರೆ ದೇಶದಲ್ಲಿ ಇರುವವರಿದ್ದರೆ ಗಡಿಯಾರದ ಬಗ್ಗೆ ಎಚ್ಚರ. ನಮ್ಮ ಟೊರಾಂಟೊದವರು ಮಾತ್ರ ಸಂಜೆಯ ನಿಯಮಕ್ಕೆ ಹೊರತು, ಅವರ ಜೊತೆ ಬಂದವರನ್ನು ಮೊದಲೇ ಕೇಳಿ ಒಪ್ಪಿಸುತ್ತೇವೆ. ಬೇಸಿಗೆಯಲ್ಲಿ ನಮ್ಮ ಸಂಜೆ 7:30 ಅಂದರೆ ಅವರಿಗೆ ಬೆಳಿಗ್ಗೆ 10. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಅದೇ 7:30 ಅವರಿಗೆ ಬೆಳಿಗ್ಗೆ 9. ಮಾರ್ಚ್ ಎರಡನೇ ಭಾನುವಾರ ಮತ್ತೆ 10. ನಮ್ಮ ಗಡಿಯಾರ ಬದಲಾಗುವುದಿಲ್ಲವಾದ್ದರಿಂದ ನಮಗೆ ಇದು ನೆನಪೇ ಇರುವುದಿಲ್ಲ. ಒಂಬತ್ತಕ್ಕೆ ಅವರು ಮಗುವನ್ನು ಶಾಲೆಗೆ ಬಿಟ್ಟು ಬರುವ ದಾರಿಯಲ್ಲಿರುತ್ತಾರೆ. ಬಾಯಲ್ಲಿ ಹೇಳಿದ ಸಮಯ ನಂಬಬೇಡಿ. ಕ್ಯಾಲೆಂಡರ್ ಆಹ್ವಾನ ಕಳಿಸಿ, ಅವರ ಸಮಯಕ್ಕೆ ಎಷ್ಟಾಗುತ್ತದೆ ಅಂತ ಅಲ್ಲೇ ನೋಡಿ.

ಕರೆಯಲ್ಲಿ ಏನು ಮಾತಾಡುವುದು

"ಹೇಗಿದ್ದೀರಿ?" "ಚೆನ್ನಾಗಿದ್ದೀನಿ." "ಊಟ ಆಯ್ತಾ?" "ಆಯ್ತು." ಇಲ್ಲಿಗೆ ಮಾತು ನಿಂತುಬಿಡುತ್ತದೆ. ಇಬ್ಬರೂ ಪರದೆ ನೋಡುತ್ತಾ ಕೂರುತ್ತಾರೆ. ಇದು ಯಾರ ತಪ್ಪೂ ಅಲ್ಲ. ಟೀ ಅಂಗಡಿ ಮುಂದೆ ನಿಂತಾಗ ಸುಮ್ಮನಿದ್ದರೂ ನಡೆಯುತ್ತದೆ. ದಾರಿಯಲ್ಲಿ ಹೋಗುವ ಗಾಡಿ ನೋಡಬಹುದು, ಕೈಯಲ್ಲಿ ಲೋಟ ಇರುತ್ತದೆ. ಪರದೆಯ ಮೇಲೆ ಎರಡು ಸೆಕೆಂಡ್ ಮೌನವೂ ಭಾರ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಪ್ರಶ್ನೆ ಇದು: "ಈ ವಾರ ಯಾವ ಕೆಲಸ ನಿಮ್ಮನ್ನ ಗೋಳು ಹುಯ್ಕೊಳ್ತಾ ಇದೆ?" ಇದಕ್ಕೆ ಒಂದು ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಕೇಳಿದವರು ಬೇರೆ ತಂಡದವರಾದ್ದರಿಂದ ಮೊದಲಿಂದ ಬಿಡಿಸಿ ಹೇಳಬೇಕಾಗುತ್ತದೆ. ಬಿಡಿಸಿ ಹೇಳುವಾಗಲೇ "ಓ, ಅದು ನಮ್ಮಲ್ಲೂ ಇತ್ತು" ಅನ್ನುವ ಮಾತು ಬರುತ್ತದೆ. ಊರು, ಮಳೆ, ಮನೆ ಎಲ್ಲ ಅದರ ಹಿಂದೆ ತಾನಾಗಿ ಬರುತ್ತದೆ. ಮೊದಲೇ ಮನೆಯ ವಿಷಯ ಕೇಳಬೇಡಿ. ಮದುವೆ ಆಯ್ತಾ, ಮಕ್ಕಳೆಷ್ಟು, ಸ್ವಂತ ಮನೆನಾ ಅಂತ ನಮ್ಮ ಕಡೆ ಪ್ರೀತಿಯಿಂದಲೇ ಕೇಳುತ್ತೇವೆ, ಆದರೆ ಹೊಸಬರಿಗೆ ಅದು ಮುಜುಗರ. ಅವರಾಗೇ ಹೇಳಿದರೆ ಕೇಳಿ.

ವಿಡಿಯೋ ಕಡ್ಡಾಯ ಮಾಡಬೇಡಿ. ಕೂಡು ಕುಟುಂಬದಲ್ಲಿ ನಡುಮನೆಯ ಮೂಲೆಯಲ್ಲಿ ಕೂತು ಕೆಲಸ ಮಾಡುವವರಿಗೆ ಹಿಂದೆ ಯಾರು ಓಡಾಡುತ್ತಾರೋ ಅನ್ನುವ ಚಿಂತೆ ಇರುತ್ತದೆ. ಬರೀ ಧ್ವನಿಯಲ್ಲಿ, ಮನೆ ಮುಂದೆ ನಡೆಯುತ್ತಾ ಮಾತಾಡಿದ ಕರೆಗಳೇ ನಮ್ಮಲ್ಲಿ ಜಾಸ್ತಿ ಹೊತ್ತು ನಡೆದಿವೆ. ಯಾರಿಗಾದರೂ ಇಬ್ಬರೇ ಮಾತಾಡಲು ಹಿಂಜರಿಕೆ ಇದ್ದರೆ, ಕಾರಣ ಕೇಳದೆ ಮೂವರ ಗುಂಪಿಗೆ ಹಾಕಿ. ಒಂದು ಸುತ್ತು ಬೇಡ ಅಂದರೂ ಕಾರಣ ಕೇಳಬೇಡಿ.

ಭಾಷೆಯ ಮಾತೂ ಇದೆ. ನಮ್ಮಲ್ಲಿ ಹೆಚ್ಚಿನವರು ಕನ್ನಡದವರು, ಚೆನ್ನೈನ ಇಬ್ಬರು ಅಲ್ಲ. ಇಬ್ಬರೇ ಕನ್ನಡದವರಿದ್ದಾಗ ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ಮಾತು ಬಿಗಿಯಾಗೇ ಇರುತ್ತದೆ, ಕನ್ನಡಕ್ಕೆ ತಿರುಗಿದ ಕೂಡಲೇ ಸಡಿಲವಾಗುತ್ತದೆ. ಮೂವರಲ್ಲಿ ಒಬ್ಬರಿಗೆ ಕನ್ನಡ ಬಾರದಿದ್ದರೆ ಮಾತ್ರ ಪೂರ್ತಿ 25 ನಿಮಿಷವೂ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಮಧ್ಯೆ ಕನ್ನಡದಲ್ಲಿ ನಕ್ಕು ಆಮೇಲೆ ಅನುವಾದ ಮಾಡಿದರೆ, ಅವರು ಕಾಫಿಗೆ ಬಂದೂ ಹೊರಗೇ ನಿಂತ ಹಾಗೆ.

ಹೊಸದಾಗಿ ಸೇರಿದವರನ್ನು ಈ ಪಟ್ಟಿಗೆ ಕೂಡಲೇ ಹಾಕಬೇಡಿ. ಆಫೀಸುಗಳೇ ಇಲ್ಲದ ಗಿಟ್‌ಲ್ಯಾಬ್ ಕಂಪನಿ ತನ್ನ ಕೈಪಿಡಿಯನ್ನು ಎಲ್ಲರೂ ಓದುವಂತೆ ಇಟ್ಟಿದೆ. ಹೊಸಬರು ಸೇರಿದಾಗ ಬೇರೆ ಬೇರೆ ವಿಭಾಗದವರ ಜೊತೆ ಕಾಫಿ ಮಾತು ಇಟ್ಟುಕೊಳ್ಳುವುದು ಅಲ್ಲಿ ಕೆಲಸ ಕಲಿಯುವುದರ ಒಂದು ಭಾಗ. ಅದನ್ನು ನೋಡಿ ನಾವೂ ಮೊದಲ ತಿಂಗಳಲ್ಲಿ ಐದು ಕರೆ ಇಟ್ಟೆವು, ಪ್ರತಿ ತಂಡದಿಂದ ಕನಿಷ್ಠ ಒಬ್ಬರು. ಇಲ್ಲಿ ಮಾತ್ರ ಕರೆಯುವ ಜವಾಬ್ದಾರಿ ಹಳಬರದು.

ಕೇಳುವ ಚಾನೆಲ್

ತಂಡಗಳ ನಡುವಿನ ಚಾನೆಲ್ ಅಂದಾಗ ಎಲ್ಲರೂ ಮಾಡುವುದು ಒಂದೇ: ಒಂದೇ ದಿನ ಹತ್ತು ಚಾನೆಲ್ ತೆರೆಯುವುದು. ಸಿನಿಮಾ, ಕ್ರಿಕೆಟ್, ಅಡುಗೆ, ಪುಸ್ತಕ. ತಿಂಗಳು ಕಳೆಯುವಷ್ಟರಲ್ಲಿ ಎಂಟು ಖಾಲಿ. ಖಾಲಿ ಚಾನೆಲ್ ನೋಡಿದವರಿಗೆ ಅಲ್ಲಿ ಮೊದಲು ಬರೆಯುವ ಮನಸ್ಸೂ ಬರುವುದಿಲ್ಲ. ನಾವು ಎರಡೇ ಇಟ್ಟೆವು. ಪ್ರಶ್ನೆಗೆ `#keli`, ಸುಮ್ನೆ ಮಾತಿಗೆ `#katte`.

ಕಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶುಭೋದಯದ ಚಿತ್ರ, ಫಾರ್ವರ್ಡ್ ಸಂದೇಶ ಬೇಡ, ನೀವೇ ತೆಗೆದ ಫೋಟೋ ಹಾಕಿ ಅಂತ ಒಂದು ಸಾಲು ಮೇಲೆ ಪಿನ್ ಮಾಡಿದ್ದೆವು. ಅಷ್ಟಕ್ಕೇ ಅದು ನಡೆಯಿತು.

`#keli` ಕಷ್ಟದ್ದು. ಎಲ್ಲರ ಎದುರು ಪ್ರಶ್ನೆ ಕೇಳಲು ಜನ ಹಿಂಜರಿಯುತ್ತಾರೆ. "ಇಷ್ಟೂ ಗೊತ್ತಿಲ್ವಾ ಅಂದ್ಕೊಂಡ್ರೆ?" ಅನ್ನುವ ಭಯ. ಅದಕ್ಕೇ ಪರಿಚಯದವರೊಬ್ಬರಿಗೆ ಖಾಸಗಿಯಾಗಿ ಬರೆಯುತ್ತಾರೆ. ಅವರಿಗೆ ಗೊತ್ತಿಲ್ಲದಿದ್ದರೆ ಪ್ರಶ್ನೆ ಅಲ್ಲೇ ಸಾಯುತ್ತದೆ. ಗೊತ್ತಿದ್ದರೆ ಉತ್ತರ ಅವರಿಬ್ಬರ ನಡುವೆಯೇ ಉಳಿಯುತ್ತದೆ, ಮುಂದಿನ ವಾರ ಇನ್ನೊಬ್ಬರು ಅದನ್ನೇ ಕೇಳುತ್ತಾರೆ.

ನಾವು ಮೂರು ಕೆಲಸ ಮಾಡಿದೆವು. ಮೊದಲ ಎರಡು ವಾರ ಹಿರಿಯರೇ ಪ್ರಶ್ನೆ ಕೇಳಿದರು. ನಮ್ಮ ಬಿಲ್ಲಿಂಗ್ ತಂಡದ ಮುಖ್ಯಸ್ಥರು, ಹನ್ನೆರಡು ವರ್ಷದ ಅನುಭವದವರು, "ರಿಪೋರ್ಟ್‌ನಲ್ಲಿ ಜಿಎಸ್‌ಟಿ ಮೊತ್ತ ರೌಂಡ್ ಆಗೋದು ಸಾಲಿಗೊಂದು ಸಲವೋ, ಒಟ್ಟು ಬಿಲ್ಲಿಗೋ? ನನಗೆ ಗೊತ್ತಿಲ್ಲ" ಅಂತ ಬರೆದರು. ಆ "ನನಗೆ ಗೊತ್ತಿಲ್ಲ" ಓದಿದ ಮೇಲೆ ಕಿರಿಯರ ಪ್ರಶ್ನೆಗಳು ಬರತೊಡಗಿದವು.

ಎರಡನೆಯದು, ಕಾವಲು ಪಾಳಿ. ವಾರಕ್ಕೆ ಪ್ರತಿ ತಂಡದಿಂದ ಒಬ್ಬರು `#keli` ನೋಡಿಕೊಳ್ಳಬೇಕು. ಅರ್ಧ ದಿನದೊಳಗೆ ಏನಾದರೂ ಒಂದು ಉತ್ತರ ಬೀಳಬೇಕು. "ನನಗೆ ಗೊತ್ತಿಲ್ಲ, ಮಂಗಳೂರಿನವರನ್ನು ಕೇಳುತ್ತೇನೆ" ಅಂದರೂ ಸಾಕು. ಒಂದು ಪ್ರಶ್ನೆ ಒಂದು ದಿನ ಪೂರ್ತಿ ಉತ್ತರವಿಲ್ಲದೆ ನಿಂತರೆ, ಕೇಳಿದವರು ಮತ್ತೆ ಅಲ್ಲಿಗೆ ಬರುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೂರನೆಯದು, ಖಾಸಗಿಯಾಗಿ ಬಂದ ಪ್ರಶ್ನೆಯನ್ನು ಮೆತ್ತಗೆ ಚಾನೆಲ್‌ಗೆ ತರುವುದು. "ಒಳ್ಳೇ ಪ್ರಶ್ನೆ. `#keli`ನಲ್ಲಿ ಹಾಕ್ತೀರಾ? ಅಲ್ಲೇ ಉತ್ತರ ಬರೀತೀನಿ, ಬೇರೆಯವರಿಗೂ ಬೇಕಾಗುತ್ತೆ." ಬರೀ "ಅಲ್ಲಿ ಕೇಳಿ" ಅಂದರೆ ಅಟ್ಟಿದ ಹಾಗೆ ಕೇಳಿಸುತ್ತದೆ. ಉತ್ತರ ಕೊಡುವ ಮಾತೂ ಜೊತೆಗಿರಲಿ.

ಪ್ರಶ್ನೆ ಬರೆಯುವ ರೀತಿಯನ್ನೂ ಪಿನ್ ಮಾಡಿ ಇಡಿ. ಏನು ಮಾಡಲು ಹೊರಟಿದ್ದೀರಿ, ಏನಾಗುತ್ತಿದೆ, ಏನು ಪ್ರಯತ್ನ ಮಾಡಿದಿರಿ, ಯಾವಾಗ ಬೇಕು. ನಾಲ್ಕು ಸಾಲು. ಉತ್ತರಗಳು ಆ ಪ್ರಶ್ನೆಯ ಕೆಳಗೇ ಥ್ರೆಡ್‌ನಲ್ಲಿ ಬರಲಿ. ಬಗೆಹರಿದರೆ ಪ್ರಶ್ನೆಗೆ ✅ ಹಾಕಿ. ನೀವು ಸ್ಲ್ಯಾಕ್ ಉಚಿತವಾಗಿ ಬಳಸುತ್ತಿದ್ದರೆ ಒಂದು ಮಾತು ನೆನಪಿರಲಿ: 90 ದಿನಕ್ಕಿಂತ ಹಳೆಯ ಸಂದೇಶ ಅಲ್ಲಿ ಕಾಣುವುದಿಲ್ಲ. ಒಳ್ಳೆಯ ಉತ್ತರವನ್ನು ಶುಕ್ರವಾರ ಕಾವಲಿನವರು ಒಂದು ಗೂಗಲ್ ಡಾಕ್‌ಗೆ ನಕಲು ಮಾಡಿ ಇಡಲಿ.

ಕಾಫಿಯಲ್ಲಿ ಶುರುವಾದ ಒಂದು ಪ್ರಶ್ನೆ

ಮೂರನೇ ಸುತ್ತು. ಸಪೋರ್ಟ್‌ನ ಹುಬ್ಬಳ್ಳಿಯವರಿಗೂ ರಿಪೋರ್ಟ್‌ನ ಶಿರಸಿಯ ಹುಡುಗನಿಗೂ ಜೋಡಿ ಬಿದ್ದಿತ್ತು. ಶಿರಸಿಯಲ್ಲಿ ಜೋರು ಮಳೆ, ಕರೆಂಟ್ ಇರಲಿಲ್ಲ. ಆತ ಮನೆಯ ಜಗಲಿಯಲ್ಲಿ ಕೂತು ಫೋನಿನಲ್ಲೇ ಮಾತಾಡಿದ. ಮಳೆ ಸದ್ದು ಹುಬ್ಬಳ್ಳಿಗೂ ಕೇಳಿಸುತ್ತಿತ್ತಂತೆ. ಗೋಳಿನ ಪ್ರಶ್ನೆ ಕೇಳಿದಾಗ ಹುಬ್ಬಳ್ಳಿಯವರು ಹೇಳಿದ್ದು: "ಸಣ್ಣ ಬಿಲ್ ಪ್ರಿಂಟರ್ ಅದಾವಲ್ರೀ, ಅದರಾಗ ಕನ್ನಡ ಬರಂಗಿಲ್ಲ ಅಂತ ಅಂಗಡಿಯವರು ದಿನಾ ಫೋನ್ ಮಾಡ್ತಾರ್ರೀ. ಬರೀ ಪ್ರಶ್ನೆ ಗುರುತು ಬೀಳ್ತಾವಂತ."

ಅದು ಥರ್ಮಲ್ ಪ್ರಿಂಟರ್. ಅದರಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳು ಒಳಗೇ ಇರುತ್ತವೆ, ಕನ್ನಡ ಇರುವುದಿಲ್ಲ. ಶಿರಸಿಯ ಹುಡುಗ ಹೇಳಿದ: "ಅಕ್ಷರ ಅಂತ ಕಳಿಸಿದ್ರೆ ಅದಕ್ಕೆ ಗೊತ್ತಾಗಲ್ಲ. ನಾವೇ ಚಿತ್ರ ಮಾಡಿ ಕಳಿಸಬೇಕು. ನೀವು ಇದನ್ನ ಚಾನೆಲ್‌ನಲ್ಲಿ ಹಾಕಿ, ಬಿಲ್ಲಿಂಗ್‌ನವರೂ ನೋಡ್ಲಿ."

ಅರ್ಧ ಗಂಟೆಯಲ್ಲಿ `#keli`ನಲ್ಲಿ ಹೀಗೆ ಬಂತು:

"ಅಂಗಡಿಯ ಥರ್ಮಲ್ ಪ್ರಿಂಟರ್‌ನಲ್ಲಿ ಕನ್ನಡ ಬಿಲ್ ಬರಬೇಕು. ಈಗ ಪ್ರಶ್ನೆ ಗುರುತು ಬೀಳುತ್ತಿವೆ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ದೇವೆ, ಡ್ರೈವರ್ ಮತ್ತೆ ಹಾಕಿದ್ದೇವೆ. ಚಿತ್ರ ಮಾಡಿ ಕಳಿಸಿದರೆ ಆಗುತ್ತದೆ ಅಂತ ರಿಪೋರ್ಟ್‌ನವರು ಹೇಳುತ್ತಿದ್ದಾರೆ. ಈ ತಿಂಗಳೊಳಗೆ ಆದರೆ ಒಳ್ಳೆಯದು."

ಬಿಲ್ಲಿಂಗ್‌ನವರು ಎರಡು ದಿನದಲ್ಲಿ ಪ್ರಯೋಗದ ಆವೃತ್ತಿ ಕೊಟ್ಟರು. ನಮ್ಮ ಡೆಮೋ ಪ್ರಿಂಟರ್‌ನಲ್ಲಿ ಚೆನ್ನಾಗಿ ಬಂತು. ಹುಬ್ಬಳ್ಳಿಯ ಎರಡು ಅಂಗಡಿಯಲ್ಲಿ ಹಾಕಿ ನೋಡಿದರೆ ಬಿಲ್ಲಿನ ಬಲಗಡೆ ಕತ್ತರಿಸಿ ಹೋಗಿತ್ತು. ಬೆಲೆಯ ಕಾಲಮ್ಮೇ ಇಲ್ಲ. ಅದರ ಫೋಟೋ ಅದೇ ಥ್ರೆಡ್‌ಗೆ ಬಿತ್ತು. ಅದಕ್ಕೆ ಉತ್ತರ ಬಂದದ್ದು ನಾವ್ಯಾರೂ ಎಣಿಸದ ಕಡೆಯಿಂದ. ಲೆಕ್ಕಪತ್ರ ನೋಡುವ ದಾವಣಗೆರೆಯವರು ಬರೆದರು: "ಡೆಮೋಗೆ ನಾನು ಕೊಂಡಿದ್ದು 80 ಮಿಲಿಮೀಟರ್ ಕಾಗದದ ಪ್ರಿಂಟರ್. ಸಣ್ಣ ಅಂಗಡಿಯವರು ತಗೊಳ್ಳೋದು 58ರದ್ದು, ಅದು ಅಗ್ಗ."

ಅಲ್ಲೇ ಇತ್ತು ಕಾರಣ. 80 ಮಿಲಿಮೀಟರ್ ಪ್ರಿಂಟರ್ ಸಾಮಾನ್ಯವಾಗಿ ಅಡ್ಡಕ್ಕೆ 576 ಚುಕ್ಕಿ ಅಚ್ಚು ಹಾಕುತ್ತದೆ, 58ರದ್ದು 384 ಚುಕ್ಕಿ ಮಾತ್ರ. ನಮ್ಮ ಚಿತ್ರ 576 ಅಗಲ ಇತ್ತು. ಕಾಗದದ ಅಳತೆ ಆರಿಸಲು ಒಂದು ಆಯ್ಕೆ ಸೇರಿಸಿದ ಮೇಲೆ ಕನ್ನಡ ಬಿಲ್ ಪೂರ್ತಿ ಬಂತು. ಪ್ರಿಂಟರ್ ಕೊಂಡವರು ಹೇಳದಿದ್ದರೆ ಇನ್ನೊಂದು ನಾಲ್ಕು ದಿನ ಹೋಗುತ್ತಿತ್ತು. ಅವರು ಆ ಥ್ರೆಡ್ ಓದಿದ್ದು ಯಾಕೆ ಗೊತ್ತಾ? ಹಿಂದಿನ ಸುತ್ತಿನಲ್ಲಿ ಹುಬ್ಬಳ್ಳಿಯವರ ಜೊತೆ ಕಾಫಿ ಕುಡಿದಿದ್ದರು. ಗೊತ್ತಿರುವವರ ಹೆಸರು ಕಂಡಿತು, ತೆರೆದು ನೋಡಿದರು.

ಹಳಿ ತಪ್ಪುತ್ತಿದೆ ಅಂತ ತಿಳಿಯುವುದು ಹೇಗೆ

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ತಿಂಗಳಿಗೆ ಇಷ್ಟು ಕಾಫಿ ಮಾತು ಆಗಲೇಬೇಕು ಅಂತ ವರ್ಷದ ಮೌಲ್ಯಮಾಪನಕ್ಕೆ ಸೇರಿಸಿದ್ದರು. ಪ್ರತಿ ಮಾತಿನ ಬಗ್ಗೆ ನಾಲ್ಕು ಸಾಲಿನ ವರದಿಯನ್ನೂ ಕೊಡಬೇಕಿತ್ತು. ಜನ ಒಂದು ನಿಮಿಷ ಕರೆ ಹಚ್ಚಿ, ಇಬ್ಬರೂ ಸೇರಿ ವರದಿ ಬರೆದು ಕತ್ತರಿಸುತ್ತಿದ್ದರು. ನಾನೂ ಹಾಗೆ ಮಾಡಿದ್ದೇನೆ, ಈಗ ನೆನೆದರೆ ಬೇಸರವಾಗುತ್ತದೆ. ಲೆಕ್ಕ ಇಡುವುದಾದರೆ ಒಟ್ಟು ಎಷ್ಟು ಜೋಡಿ ಮಾತಾಡಿದವು ಅಂತ ಮಾತ್ರ ಇಡಿ. ಯಾರು ಮಾತಾಡಲಿಲ್ಲ ಅಂತ ಬರೆದಿಡಬೇಡಿ. ಕರೆಯ ರೆಕಾರ್ಡಿಂಗ್ ಬೇಡ, ವರದಿಯೂ ಬೇಡ.

ಕಾಫಿ ಸೊರಗುತ್ತಿದೆ ಅನ್ನುವುದಕ್ಕೆ ಮೊದಲ ಗುರುತು ಕ್ಯಾಲೆಂಡರ್‌ನಲ್ಲಿ ಕಾಣುತ್ತದೆ. ಕರೆ ರದ್ದಾಗುವುದಿಲ್ಲ, ಎರಡು ಮೂರು ಸಲ ಮುಂದಕ್ಕೆ ಹೋಗುತ್ತದೆ. ಹಾಗೆ ಕಂಡರೆ ಆ ವಾರದ ಕೆಲಸದ ಒತ್ತಡ ನೋಡಿ. ಹಣಕಾಸು ವರ್ಷ ಮುಗಿಯುವ ಮಾರ್ಚ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ. ಆ ತಿಂಗಳು ಸುತ್ತನ್ನೇ ನಿಲ್ಲಿಸುತ್ತೇವೆ, ಅದನ್ನು ಮೊದಲೇ ಹೇಳುತ್ತೇವೆ.

ಚಾನೆಲ್ ಸೊರಗುವುದು ಬೇರೆ ರೀತಿ. ಸಂದೇಶಗಳು ಬರುತ್ತಲೇ ಇರುತ್ತವೆ, ಆದರೆ ಕೇಳುವವರು ಅದೇ ಮೂರು ಜನ, ಹೇಳುವವರು ಅದೇ ಇಬ್ಬರು. ತಿಂಗಳಿಗೊಮ್ಮೆ `#keli` ಮೇಲಿಂದ ಕೆಳಗೆ ಓದಿ, ಪ್ರಶ್ನೆ ಕೇಳಿದ ಬೇರೆ ಬೇರೆ ಹೆಸರು ಎಷ್ಟು ಅಂತ ಎಣಿಸಿ. ನಮ್ಮಲ್ಲಿ ಅದು 11ರಿಂದ 5ಕ್ಕೆ ಇಳಿದ ತಿಂಗಳು ಹಿಂದಕ್ಕೆ ಹೋಗಿ ನೋಡಿದೆವು. ಒಬ್ಬರ ಪ್ರಶ್ನೆಗೆ "ಇದನ್ನು ಮೊದಲೇ ಹೇಳಿದ್ದೇವಲ್ಲ" ಅಂತ ಉತ್ತರ ಬಿದ್ದಿತ್ತು. ಬರೆದವರ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ, ಆದರೆ ಓದಿದವರಿಗೆ ಸಿಟ್ಟು ಅಂತಲೇ ಅನಿಸಿತು. ಈಗ ಹಳೆಯ ಉತ್ತರದ ಕೊಂಡಿ ಹಾಕಿ "ಇಲ್ಲಿದೆ ನೋಡಿ" ಅಂತ ಮಾತ್ರ ಬರೆಯುತ್ತೇವೆ.

ಇದರಿಂದ ಆಗದ ಕೆಲಸವೂ ಇದೆ. ಕೆಲಸದ ಹೊರೆ ಜಾಸ್ತಿ ಇದ್ದರೆ, ಮ್ಯಾನೇಜರ್ ಜೊತೆ ಹೊಂದಾಣಿಕೆ ಇಲ್ಲದಿದ್ದರೆ, ಕಾಫಿ ಅದನ್ನು ಸರಿ ಮಾಡುವುದಿಲ್ಲ. ಏಳೆಂಟು ಜನರ ತಂಡಕ್ಕೆ ಜೋಡಿ ಪಟ್ಟಿಯೂ ಬೇಡ, ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಕೂತರೆ ಸಾಕು.

ಆರನೇ ಸುತ್ತಿಗೆ ಮೊದಲು

ಎರಡು ವಾರಕ್ಕೊಂದರಂತೆ ಐದು ಸುತ್ತು ಮುಗಿಯುವಾಗ ಹತ್ತು ವಾರ ಕಳೆದಿರುತ್ತದೆ. ಪಟ್ಟಿ ಹೊಸದಾಗಿ ಬರೆಯುವ ಮೊದಲು, ಶುರುವಿನಲ್ಲಿ ಕೇಳಿದ ಅದೇ ಪ್ರಶ್ನೆಯನ್ನು ಎಲ್ಲರಿಗೂ ಮತ್ತೆ ಕಳಿಸಿ: ಕಳೆದ ತಿಂಗಳು ನಿಮ್ಮ ತಂಡದ ಹೊರಗಿನ ಯಾರ ಜೊತೆ ಮಾತಾಡಿದಿರಿ? ಈ ಸಲ ಕಾಫಿ ಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಸೇರಿಸಿ. ಕಾಫಿ ಆದ ಮೇಲೆ ತಾವಾಗೇ ಮಾತಾಡಿದ್ದು ಎಷ್ಟು ಅನ್ನುವುದು ಬೇಕಾಗಿರುವುದು. ಎರಡು ಚೌಕವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಮ್ಮ ಎರಡನೇ ಚೌಕದಲ್ಲಿ ಬಿಲ್ಲಿಂಗ್–ರಿಪೋರ್ಟ್ ಮನೆಯಲ್ಲಿ ಆರು ಗೆರೆ ಇದ್ದವು. ರಿಪೋರ್ಟ್–ಆಡಳಿತ ಮನೆ ಇನ್ನೂ ಖಾಲಿ ಇತ್ತು. ಯಾಕೆ ಅಂತ ಪಟ್ಟಿ ನೋಡಿದರೆ ಗೊತ್ತಾಗುತ್ತದೆ: ಆ ಎರಡೂ ತಂಡ ಬಲಗಡೆಯೇ ಇದ್ದವು, ಒಂದೇ ಕಡೆ ಇರುವವರು ಎಷ್ಟು ಸುತ್ತಾದರೂ ಎದುರಾಗುವುದಿಲ್ಲ. ಹಾಗಾಗಿ ಹೊಸ ಪಟ್ಟಿಯಲ್ಲಿ ಆಡಳಿತದ ಮೂವರನ್ನು ಎಡಗಡೆ ಮೊದಲ ಮೂರು ಸಾಲಿಗೆ ತಂದೆವು, ಅವರಲ್ಲಿ ಇಬ್ಬರ ಎದುರು ರಿಪೋರ್ಟ್‌ನ ಇಬ್ಬರನ್ನು, ಮೂರನೆಯವರ ಎದುರು ಬಿಲ್ಲಿಂಗ್‌ನ ಒಬ್ಬರನ್ನು ಇಟ್ಟೆವು. ಉಳಿದವರನ್ನು ಒಂದೇ ತಂಡದವರು ಎದುರಾಗದಂತೆ ಕೈಯಲ್ಲೇ ತುಂಬಿಸಿದೆವು. ಮೊದಲ ಆಹ್ವಾನ ಕಳಿಸುವ ಸರದಿ ಈಗ ಆಡಳಿತದವರದು. ಸೋಮವಾರ ಮಧ್ಯಾಹ್ನಕ್ಕೇ ಮೂವರೂ ಕಳಿಸಿದ್ದರು.